ಸಿಸಿಯಲ್ಲಿ ಮ್ಯಾನೇಜರ್: ಉತ್ತರ ಯಾರಿಗೆ, ಯಾವ ಧಾಟಿಯಲ್ಲಿ?

ಕೆಲಸಕ್ಕೆ ಅರ್ಜಿ ಹಾಕಿದವರಿಗೂ ಕಂಪನಿಯ ರಿಕ್ರೂಟರ್‌ಗೂ ನಡೆಯುವ ಮೇಲ್ ಮಾತುಕತೆ ಶುರುವಿನಲ್ಲಿ ಇಬ್ಬರದೇ ಆಗಿರುತ್ತದೆ. ಈಗಿನ ಸಂಬಳ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ, ಕೈಯಲ್ಲಿ ಬೇರೆ ಆಫರ್ ಇದೆಯೇ ಎಂಬ ಪ್ರಶ್ನೆಗಳೆಲ್ಲ ಅಲ್ಲೇ ಬಂದುಹೋಗುತ್ತವೆ. ಮೂರನೆಯದೋ ನಾಲ್ಕನೆಯದೋ ಮೇಲ್‌ನಲ್ಲಿ ರಿಕ್ರೂಟರ್ ಹೈರಿಂಗ್ ಮ್ಯಾನೇಜರನ್ನು ಸಿಸಿಗೆ ಸೇರಿಸುತ್ತಾರೆ. ಹೈರಿಂಗ್ ಮ್ಯಾನೇಜರ್ ಎಂದರೆ ಯಾರ ತಂಡದಲ್ಲಿ ಆ ಹುದ್ದೆ ಖಾಲಿ ಇದೆಯೋ ಅವರು. ಆಯ್ಕೆಯಾದವರು ನಾಳೆ ಅವರ ಕೈಕೆಳಗೇ ಕೆಲಸ ಮಾಡಬೇಕು, ಬೇಕು ಬೇಡ ಎಂಬ ಕೊನೆಯ ಮಾತೂ ಬಹುಪಾಲು ಅವರದೇ. ಹೀಗಾಗಿ ಇಬ್ಬರ ನಡುವಿನ ವ್ಯವಹಾರ ಏಕಾಏಕಿ ಮೂವರದಾಗುತ್ತದೆ. ಆಗ ಅಭ್ಯರ್ಥಿಯ ಮುಂದೆ ಎರಡು ಪ್ರಶ್ನೆ ನಿಲ್ಲುತ್ತವೆ: ಒತ್ತಬೇಕಾದ್ದು ರಿಪ್ಲೈ ಬಟನ್ನೋ ರಿಪ್ಲೈ ಆಲ್ ಬಟನ್ನೋ? ಮೂರನೆಯವರೂ ಓದುತ್ತಾರೆಂದ ಮೇಲೆ ಬರೆಯುವ ಧಾಟಿ ಹೇಗಿರಬೇಕು?

ಇಮೇಲ್‌ನ ರಚನೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಮಾನದಂಡಕ್ಕೆ ಆರ್‌ಎಫ್‌ಸಿ 5322 ಎಂದು ಹೆಸರು. 2008ರಲ್ಲಿ ಪ್ರಕಟವಾದ ಆ ದಾಖಲೆ ಟು, ಸಿಸಿ, ಬಿಸಿಸಿ ಎಂಬ ಮೂರು ಸಾಲುಗಳಿಗೂ ಬೇರೆಬೇರೆ ಅರ್ಥ ಕೊಡುತ್ತದೆ. ಟು ಸಾಲಿನಲ್ಲಿರುವವರು ಮುಖ್ಯ ಓದುಗರು. ಸಿಸಿ ಎಂದರೆ ಟೈಪ್‌ರೈಟರಿನ ಕಾಲದ ಕಾರ್ಬನ್ ಪ್ರತಿ; ಪತ್ರ ತಮ್ಮನ್ನೇ ಉದ್ದೇಶಿಸಿರದಿದ್ದರೂ ಅದರ ಪ್ರತಿ ಪಡೆಯುವವರ ಸಾಲು ಅದು. ಬಿಸಿಸಿಯಲ್ಲಿ ಇರುವವರ ಹೆಸರು ಉಳಿದವರಿಗೆ ಕಾಣುವುದಿಲ್ಲ. ಉತ್ತರ ಬರೆಯುವಾಗ ಮೂಲ ಪತ್ರದ ಎಲ್ಲ ಓದುಗರಿಗೂ ಪ್ರತಿ ಕಳಿಸುವುದು ಅನೇಕ ಸಲ ಒಳ್ಳೆಯದು ಎಂದು ಅದೇ ದಾಖಲೆ ಹೇಳುತ್ತದೆ, ಆದರೆ ಕಳಿಸಲೇಬೇಕು ಎನ್ನುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ಇಷ್ಟೇ. ಯಾರಿಗೆ ಯಾವ ಮಾತು ತಲುಪಬೇಕು ಎಂಬ ತೀರ್ಮಾನ ಬರೆಯುವವರದು.

ರಿಕ್ರೂಟರ್ ಮ್ಯಾನೇಜರನ್ನು ಸಿಸಿಗೆ ತರುವುದಕ್ಕೆ ಬಹುಮಟ್ಟಿಗೆ ಮೂರು ಕಾರಣಗಳಿರುತ್ತವೆ. ಒಂದು, ಪರಿಚಯ ಮಾಡಿಸುವುದು: ಮುಂದಿನ ರೌಂಡ್ ಮ್ಯಾನೇಜರೇ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲಂತಾಗಲಿ ಎಂದು. ಎರಡು, ಸಮಯ ಹೊಂದಿಸುವುದು: ಅಭ್ಯರ್ಥಿ ಹೇಳುವ ದಿನ, ಗಂಟೆಗಳನ್ನು ಮ್ಯಾನೇಜರ್ ತಾವೇ ನೋಡಿ ಒಪ್ಪಲಿ ಎಂದು. ಮೂರು, ಬರಿಯ ತಿಳಿವಳಿಕೆಗೆ: ಹುದ್ದೆಯ ಕೆಲಸ ಎಲ್ಲಿಗೆ ಬಂದಿದೆ ಎಂದು ಮ್ಯಾನೇಜರ್‌ಗೆ ತೋರಿಸಲು. ಮೇಲ್‌ನ ಮೊದಲ ಎರಡು ಸಾಲು ಓದಿದರೆ ಯಾವುದೆಂದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಮ್ಯಾನೇಜರನ್ನು ಹೆಸರು ಹಿಡಿದು ಕರೆದು ಏನಾದರೂ ಹೇಳಿದ್ದರೆ, ಉತ್ತರವನ್ನು ಅವರೂ ಕಾಯುತ್ತಿದ್ದಾರೆ. ಹೆಸರೇ ಬಾರದೆ ವಿಳಾಸ ಮಾತ್ರ ಸಿಸಿಯಲ್ಲಿದ್ದರೆ ಅದು ತಿಳಿವಳಿಕೆಗೆ ಬಂದ ಪ್ರತಿ.

ಮೂರರಲ್ಲಿ ಯಾವ ಕಾರಣವಿದ್ದರೂ ಮೊದಲ ಉತ್ತರಕ್ಕೆ ಸರಿಯಾದ ಬಟನ್ ರಿಪ್ಲೈ ಆಲ್. ರಿಕ್ರೂಟರ್ ಬೇಕೆಂದೇ ಒಬ್ಬರನ್ನು ಮಾತಿಗೆ ಕರೆತಂದಿದ್ದಾರೆ. ಅಭ್ಯರ್ಥಿ ಬರಿ ರಿಪ್ಲೈ ಒತ್ತಿದರೆ ಆ ವ್ಯಕ್ತಿಯನ್ನು ಹೊರಗೆ ಕಳಿಸಿದಂತಾಗುತ್ತದೆ. ಅದರ ಫಲವೂ ಕಣ್ಣಿಗೆ ಕಾಣುವಂಥದ್ದೇ: ಅಭ್ಯರ್ಥಿ ಸೋಮವಾರ ಬೆಳಿಗ್ಗೆ ಬರೆದ ಉತ್ತರ ರಿಕ್ರೂಟರ್ ಒಬ್ಬರಿಗೇ ಹೋಗುತ್ತದೆ, ಅವರು ಒಂದೇ ಹೊತ್ತಿಗೆ ಹಲವು ಹುದ್ದೆಗಳ ಕೆಲಸದಲ್ಲಿರುತ್ತಾರೆ, ಸಂಜೆ ಅದನ್ನು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುವ ಹೊತ್ತಿಗೆ ಮ್ಯಾನೇಜರ್‌ನ ಮಂಗಳವಾರದ ಬಿಡುವು ತುಂಬಿಹೋಗಿರುತ್ತದೆ. ಮ್ಯಾನೇಜರ್ ಕಂಡದ್ದು ಮಾತ್ರ ಇಷ್ಟು: ಅಭ್ಯರ್ಥಿಯಿಂದ ಇಡೀ ದಿನ ಉತ್ತರವಿಲ್ಲ. ತಪ್ಪು ಬಟನ್ನಿನದಾದರೂ ಅಭಿಪ್ರಾಯ ಮೂಡುವುದು ಮನುಷ್ಯರ ಮೇಲೆ.

ಆದರೆ ರಿಪ್ಲೈ ಆಲ್ ಸರಿ ಎಂದ ಮಾತ್ರಕ್ಕೆ ಹೇಳಬೇಕಾದದ್ದನ್ನೆಲ್ಲ ಅದರಲ್ಲೇ ಹೇಳಬೇಕೆಂದಲ್ಲ. ಈ ವಿಷಯದ ಗಂಟು ಇರುವುದು ಇಲ್ಲೇ. ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಎಲ್ಲರಿಗೂ ಸಂಬಂಧಿಸಿದ ಮಾತು ಮಾತ್ರ ಇರಬೇಕು. ರಿಕ್ರೂಟರ್‌ಗೆ ಮಾತ್ರ ಸೇರಬೇಕಾದದ್ದು ಬೇರೆಯೇ ಮೇಲ್‌ನಲ್ಲಿ, ಇಲ್ಲವೇ ಫೋನಿನಲ್ಲಿ ಹೋಗಬೇಕು. ಹೆಚ್ಚಿನವರು ಎಡವುವುದು ಬಟನ್ ಆರಿಸುವಲ್ಲಿ ಅಲ್ಲ, ಒಂದೇ ಉತ್ತರದಲ್ಲಿ ಎರಡು ಬಗೆಯ ಮಾತನ್ನು ಬೆರೆಸುವಲ್ಲಿ.

ಒಂದು ಸಂದರ್ಭವನ್ನು ವಿವರವಾಗಿ ನೋಡಬಹುದು. ಹೆಸರುಗಳು ಉದಾಹರಣೆಗೆ ಇಟ್ಟವು. ಸಹನಾ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಟೆಸ್ಟ್ ಎಂಜಿನಿಯರ್. ಇನ್ನೊಂದು ಕಂಪನಿಯ ರಿಕ್ರೂಟರ್ ದಿವ್ಯಾ ಆಕೆಯೊಂದಿಗೆ ಎರಡು ಸಲ ಮೇಲ್‌ನಲ್ಲಿ ಮಾತಾಡಿದ್ದಾರೆ. ಈಗಿನ ಸಿಟಿಸಿ 11 ಲಕ್ಷ, ನಿರೀಕ್ಷೆ 15 ಲಕ್ಷ, ನೋಟಿಸ್ ಪೀರಿಯಡ್ 60 ದಿನ, ಬೇರೊಂದು ಕಂಪನಿಯ ಆಫರ್ ಮುಂದಿನ ತಿಂಗಳು ಬರಬಹುದು ಎಂದು ಸಹನಾ ಬರೆದಿದ್ದಾಳೆ. ಗುರುವಾರ ದಿವ್ಯಾ ಅದೇ ಮೇಲ್‌ಗೆ ಉತ್ತರವಾಗಿ ಬರೆಯುತ್ತಾರೆ: ಟೆಕ್ನಿಕಲ್ ರೌಂಡನ್ನು ಕಾರ್ತಿಕ್ ತೆಗೆದುಕೊಳ್ಳುತ್ತಾರೆ, ಅವರನ್ನು ಸಿಸಿಯಲ್ಲಿ ಸೇರಿಸಿದ್ದೇನೆ, ಮುಂದಿನ ವಾರ ನಿಮಗೆ ಬಿಡುವಿರುವ ಸಮಯ ತಿಳಿಸಿ, ಸಂಬಳದ ನಿರೀಕ್ಷೆಯಲ್ಲಿ ಸ್ವಲ್ಪ ಇಳಿಯಲು ಸಾಧ್ಯವೇ ನೋಡಿ.

ಈ ಮೇಲ್‌ನಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬಂದಿವೆ. ಸಮಯದ ಪ್ರಶ್ನೆ ಮೂವರಿಗೂ ಸೇರಿದ್ದು. ಸಂಬಳದ ಪ್ರಶ್ನೆ ಕಾರ್ತಿಕ್ ಎದುರಿಗೇ ಬಂದಿದ್ದರೂ ನಿಜದಲ್ಲಿ ದಿವ್ಯಾ ಮತ್ತು ಸಹನಾಗೆ ಸೇರಿದ್ದು. ಇನ್ನು ಹಳೆಯ ಎರಡು ಮೇಲ್‌ಗಳು ಬಾಲದಂತೆ ಕೆಳಗೆ ಹಾಗೇ ಉಳಿದಿವೆ. 11 ಲಕ್ಷ, 15 ಲಕ್ಷ, ಬೇರೆ ಆಫರ್ ಎಲ್ಲವೂ ಕಾರ್ತಿಕ್‌ನ ಇನ್‌ಬಾಕ್ಸ್ ಸೇರಿವೆ.

ಸಹನಾ ರಿಪ್ಲೈ ಆಲ್ ಒತ್ತಿದರೆ ದಿವ್ಯಾ ಟು ಸಾಲಿಗೂ ಕಾರ್ತಿಕ್ ಸಿಸಿ ಸಾಲಿಗೂ ಬರುತ್ತಾರೆ. ಪ್ರಶ್ನೆ ಕೇಳಿದ್ದು ದಿವ್ಯಾ ಆದ್ದರಿಂದ ಆ ಜೋಡಣೆ ಸರಿಯಾಗಿದೆ, ಬದಲಿಸಬೇಕಿಲ್ಲ. ಇಂಥ ಮೇಲ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹೋಗುತ್ತದೆ. ಅದರ ತಿರುಳು ಹೀಗಿದ್ದರೆ ಸಾಕು:

“ನಮಸ್ತೆ ದಿವ್ಯಾ, ಪರಿಚಯ ಮಾಡಿಸಿದ್ದಕ್ಕೆ ಧನ್ಯವಾದ. ನಮಸ್ತೆ ಕಾರ್ತಿಕ್. ಮುಂದಿನ ವಾರ ನನಗೆ ಅನುಕೂಲವಾದ ಸಮಯ: ಮಂಗಳವಾರ 14ರಂದು ಬೆಳಿಗ್ಗೆ 9ರಿಂದ 10.30, ಬುಧವಾರ 15ರಂದು ಸಂಜೆ 6ರ ನಂತರ, ಶುಕ್ರವಾರ 17ರಂದು ಮಧ್ಯಾಹ್ನ 3ರಿಂದ 5. ಎಲ್ಲವೂ ಭಾರತೀಯ ಕಾಲಮಾನ. ಇತ್ತೀಚಿನ ರೆಸ್ಯೂಮೆ ಲಗತ್ತಿಸಿದ್ದೇನೆ. ಈ ರೌಂಡಿಗೆ ಲ್ಯಾಪ್‌ಟಾಪ್‌ನಲ್ಲಿ ಏನಾದರೂ ಸಿದ್ಧವಾಗಿರಬೇಕಿದ್ದರೆ ತಿಳಿಸಿ. ದಿವ್ಯಾ, ಉಳಿದ ವಿಷಯದ ಬಗ್ಗೆ ನಿಮಗೆ ಬೇರೆಯಾಗಿ ಬರೆಯುತ್ತೇನೆ.”

ಈ ಉತ್ತರದಲ್ಲಿ ಇಬ್ಬರ ಹೆಸರೂ ಇದೆ. ಮ್ಯಾನೇಜರ್ ಸಿಸಿಯಲ್ಲಿದ್ದಾರೆ ಎಂದು ಅವರನ್ನು ಕಾಣದಂತೆ ಬರೆಯುವುದು ಒರಟು. ರಿಕ್ರೂಟರನ್ನು ಬಿಟ್ಟು ಮ್ಯಾನೇಜರ್ ಕಡೆಗೇ ತಿರುಗಿಬಿಡುವುದು ಅದಕ್ಕಿಂತ ಒರಟು. ದಿನದ ಜೊತೆ ತಾರೀಖು ಕೊಟ್ಟಿರುವುದರಿಂದ ಯಾವ ಮಂಗಳವಾರ ಎಂಬ ಮರುಪ್ರಶ್ನೆ ಏಳುವುದಿಲ್ಲ. ಕಾಲಮಾನದ ಉಲ್ಲೇಖವೂ ಅತಿಯಾಯಿತು ಎನ್ನುವಂತಿಲ್ಲ. ಬೆಂಗಳೂರಿನ ಎಷ್ಟೋ ತಂಡಗಳ ಮ್ಯಾನೇಜರ್‌ಗಳು ಅಮೆರಿಕದಲ್ಲಿ ಕೂತಿರುತ್ತಾರೆ. ಇಲ್ಲಿ ರಾತ್ರಿ 9 ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 8.30, ಚಳಿಗಾಲವಾದರೆ 7.30. ಆ ಒಂದು ಗಂಟೆಯ ವ್ಯತ್ಯಾಸವನ್ನು ಮರೆತು ಸಂದರ್ಶನ ತಪ್ಪಿಸಿಕೊಳ್ಳುವುದು ಸುಲಭ.

ಕೊನೆಯ ಸಾಲು ಚಿಕ್ಕದಾದರೂ ಮಾಡುವ ಕೆಲಸ ದೊಡ್ಡದು. ದಿವ್ಯಾ ಕೇಳಿದ ಸಂಬಳದ ಪ್ರಶ್ನೆಯನ್ನು ಸಹನಾ ಕಡೆಗಣಿಸಿಲ್ಲ, ಕಾರ್ತಿಕ್ ಎದುರು ಅದಕ್ಕೆ ಉತ್ತರವನ್ನೂ ಕೊಟ್ಟಿಲ್ಲ. ಸಂಬಳ ಎಂಬ ಮಾತನ್ನೇ ಎತ್ತದೆ “ಉಳಿದ ವಿಷಯ” ಎಂದಿದ್ದಾಳೆ. ಆಮೇಲೆ ದಿವ್ಯಾಗೆ ಒಂದು ಹೊಸ ಮೇಲ್ ಬರೆಯಬೇಕು. ಅದೇ ಮೇಲ್‌ಗೆ ರಿಪ್ಲೈ ಒತ್ತಿ ಬರೆದರೂ ಕಾರ್ತಿಕ್‌ಗೆ ಹೋಗುವುದಿಲ್ಲ ನಿಜ. ಆದರೆ ದಿವ್ಯಾ ಮುಂದೆಂದೋ ಅದರ ಮೇಲೇ ಉತ್ತರ ಬರೆದು ಕಾರ್ತಿಕ್ ಹೆಸರನ್ನು ಮತ್ತೆ ಸೇರಿಸಿದರೆ ಅಲ್ಲಿನದೆಲ್ಲ ಕೆಳಗೆ ಬಾಲವಾಗಿ ಹೋಗುತ್ತದೆ. ವಿಷಯದ ಸಾಲೇ ಬೇರೆಯಾದ ಹೊಸ ಮೇಲ್‌ಗೆ ಆ ಅಪಾಯ ಬಹಳ ಕಡಿಮೆ. ಚೌಕಾಸಿಯಂಥ ಮಾತಿಗಂತೂ ಹತ್ತು ನಿಮಿಷದ ಫೋನೇ ವಾಸಿ. ಒಪ್ಪಿದ್ದನ್ನು ಮಾತ್ರ ಆಮೇಲೆ ಎರಡು ಸಾಲಿನಲ್ಲಿ ಬರೆದು ಖಚಿತಪಡಿಸಿಕೊಂಡರಾಯಿತು.

ಸಂಬಳದ ಮಾತು ಮ್ಯಾನೇಜರ್ ಎದುರು ಏಕೆ ಬೇಡ ಎಂಬ ಪ್ರಶ್ನೆ ಸಹಜ. ಹೇಗೂ ಬಜೆಟ್ ಗೊತ್ತಿರುವವರು ಅವರೇ ಅಲ್ಲವೇ? ಎಷ್ಟೋ ಕಂಪನಿಗಳಲ್ಲಿ ಹೌದು. ಅದು ಗುಟ್ಟು ಎಂಬ ಕಾರಣಕ್ಕೆ ಬೇಡವೆನ್ನುವುದಲ್ಲ. ಟೆಕ್ನಿಕಲ್ ರೌಂಡಿಗೆ ಮೊದಲು ಮ್ಯಾನೇಜರ್ ಅಭ್ಯರ್ಥಿಯ ಕೆಲಸವನ್ನು ಅಳೆಯಬೇಕು. ಬೆಲೆ ಮೊದಲೇ ಕಣ್ಣಿಗೆ ಬಿದ್ದರೆ ಅಳತೆ ಅದರ ನೆರಳಿನಲ್ಲೇ ನಡೆಯುತ್ತದೆ. 15 ಲಕ್ಷ ಕೇಳುವವರು ಇದನ್ನು ಬಲ್ಲರೇ ಎಂದು ಪ್ರತಿ ಪ್ರಶ್ನೆಗೂ ಅನಿಸತೊಡಗುತ್ತದೆ. ಬೇರೆ ಆಫರ್ ಇರುವ ಸಂಗತಿಯೂ ಹಾಗೆಯೇ. ರಿಕ್ರೂಟರ್‌ಗೆ ಅದು ವೇಳಾಪಟ್ಟಿಯ ವಿಷಯ, ರೌಂಡುಗಳನ್ನು ಬೇಗ ಮುಗಿಸಬೇಕೆಂಬ ಸೂಚನೆ. ಮ್ಯಾನೇಜರ್ ಅದನ್ನೇ ಒತ್ತಡ ಹೇರುವ ಮಾತೆಂದು ಓದಿಕೊಳ್ಳಬಹುದು. ಆರೋಗ್ಯ, ಮನೆಯ ತೊಂದರೆ, ಈಗಿನ ಬಾಸ್ ಜೊತೆಗಿನ ಮನಸ್ತಾಪ ಮುಂತಾದವೂ ಎಲ್ಲರಿಗೂ ಹೋಗುವ ಉತ್ತರದಲ್ಲಿ ಬರುವಂಥವಲ್ಲ. ಸಮಯ ಬದಲಿಸಬೇಕಾದರೆ “ಬುಧವಾರ ಅನಿವಾರ್ಯ ಕಾರಣದಿಂದ ಸಾಧ್ಯವಾಗುತ್ತಿಲ್ಲ, ಗುರುವಾರ ಅದೇ ಹೊತ್ತಿಗೆ ಆದೀತೇ” ಎಂದರೆ ಸಾಕು.

ಇನ್ನು ಕೆಳಗೆ ಅಂಟಿಕೊಂಡಿರುವ ಬಾಲ. ಕಾರ್ತಿಕ್‌ಗೆ ಒಮ್ಮೆ ಹೋದ ಹಳೆಯ ಮೇಲ್‌ಗಳನ್ನು ಸಹನಾ ಮರಳಿ ಪಡೆಯಲಾರಳು. ಆದರೆ ತನ್ನ ಉತ್ತರದಲ್ಲಿ ಅವನ್ನು ಮುಂದಕ್ಕೆ ಸಾಗಿಸದಿರುವುದು ಅವಳ ಕೈಯಲ್ಲೇ ಇದೆ. ಜಿಮೇಲ್ ಹಳೆಯ ಪಠ್ಯವನ್ನು ಮೂರು ಚುಕ್ಕಿಯ ಹಿಂದೆ ಮಡಚಿಟ್ಟಿರುತ್ತದೆ. ಆ ಚುಕ್ಕಿಗಳನ್ನು ಒತ್ತಿದರೆ ಪೂರ್ತಿ ಪಠ್ಯ ಬಿಚ್ಚಿಕೊಳ್ಳುತ್ತದೆ, ಬೇಡದ್ದನ್ನು ಗುರುತಿಸಿ ಅಳಿಸಬಹುದು. ಔಟ್‌ಲುಕ್‌ನಲ್ಲಿ ಅದು ಸಾಮಾನ್ಯವಾಗಿ ಉತ್ತರದ ಕೆಳಗೇ ಕಾಣುತ್ತದೆ. ದಿವ್ಯಾ ಬರೆದ ಕೊನೆಯ ಮೇಲ್‌ನ ಸಮಯದ ಪ್ರಶ್ನೆಯಷ್ಟನ್ನು ಉಳಿಸಿಕೊಂಡು ಕೆಳಗಿನದನ್ನು ಕತ್ತರಿಸಿದರೆ ಯಾರಿಗೂ ಕೊರತೆಯಾಗದು. ಇದರ ಉಪಯೋಗ ತಿಳಿಯುವುದು ಮುಂದಿನ ಹಂತದಲ್ಲಿ. ಕಾರ್ತಿಕ್ ಅದೇ ಉತ್ತರಕ್ಕೆ ತಮ್ಮ ತಂಡದ ಇನ್ನಿಬ್ಬರನ್ನು ಸೇರಿಸಿ “ಈ ಸಂದರ್ಶನಕ್ಕೆ ನೀವೂ ಬನ್ನಿ” ಎಂದು ಬರೆಯಬಹುದು. ಬಾಲ ಕತ್ತರಿಸಿದ್ದರೆ ಆ ಇಬ್ಬರಿಗೆ ಸಮಯ ಮತ್ತು ರೆಸ್ಯೂಮೆ ಮಾತ್ರ ಕಾಣುತ್ತದೆ. ಇಲ್ಲವಾದರೆ ನಾಳೆ ಸಹೋದ್ಯೋಗಿಗಳಾಗಬಹುದಾದವರಿಗೆ ಅವಳ ಸಂಬಳದ ಲೆಕ್ಕವೆಲ್ಲ ಬಾಯಿಪಾಠವಾಗುತ್ತದೆ.

ಬಟನ್ ಒತ್ತುವ ಮೊದಲು ವಿಳಾಸಗಳನ್ನು ಒಂದು ಸಲ ಓದುವುದು ಇನ್ನೊಂದು ಕಾರಣಕ್ಕೂ ಬೇಕು. ದೊಡ್ಡ ಕಂಪನಿಗಳು ನೇಮಕಾತಿಯ ಮೇಲ್‌ಗಳನ್ನು ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಮೂಲಕ ಕಳಿಸುವುದುಂಟು. ಆಗ ಮೇಲ್‌ನ ತಲೆಬರಹದ `Reply-To` ಸಾಲಿನಲ್ಲಿ ರಿಕ್ರೂಟರ್‌ನ ವಿಳಾಸದ ಬದಲು ಅಕ್ಷರ, ಅಂಕಿಗಳ ಉದ್ದನೆಯ ವಿಳಾಸ ಇರಬಹುದು. ಅಭ್ಯರ್ಥಿಯ ಉತ್ತರ ಆ ವಿಳಾಸದ ಮೂಲಕ ಅವರ ಕಡತಕ್ಕೆ ಸೇರುತ್ತದೆ. ಏನೋ ವಿಚಿತ್ರವಾಗಿದೆ ಎಂದು ಅದನ್ನು ಅಳಿಸಿ ರಿಕ್ರೂಟರ್‌ನ ಹೆಸರಿನ ವಿಳಾಸ ಟೈಪ್ ಮಾಡಿದರೆ ಉತ್ತರ ಕಡತಕ್ಕೆ ಸೇರದೆ ಹೋಗಬಹುದು. ಹಾಗೆಯೇ ಅಂಥ ಮೇಲ್‌ಗೆ ರಿಪ್ಲೈ ಆಲ್ ಒತ್ತಿದಾಗ ಮ್ಯಾನೇಜರ್ ಹೆಸರು ಸಾಲಿನಲ್ಲಿ ಬಂದಿದೆಯೇ ಎಂದು ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

ರಿಕ್ರೂಟರ್ ಕಂಪನಿಯವರಲ್ಲ, ಹೊರಗಿನ ಕನ್ಸಲ್ಟೆನ್ಸಿಯವರು ಎಂದಾದರೆ ಅವರನ್ನು ಸಾಲಿನಿಂದ ತೆಗೆಯದಿರುವುದು ಶಿಷ್ಟಾಚಾರವಷ್ಟೇ ಅಲ್ಲ, ಹಣದ ವಿಷಯವೂ ಹೌದು. ತಾವು ಪರಿಚಯಿಸಿದ ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ ಕನ್ಸಲ್ಟೆನ್ಸಿಗೆ ಶುಲ್ಕ ಸಿಗುತ್ತದೆ. ಭಾರತದಲ್ಲಿ ಬಹಳ ಕಡೆ ನಡೆಯುವ ದರ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಮ್ಯಾನೇಜರ್ ಜೊತೆ ಅಭ್ಯರ್ಥಿ ನೇರವಾಗಿ ಮಾತಿಗಿಳಿದರೆ ಕನ್ಸಲ್ಟೆನ್ಸಿಗೆ ತನ್ನನ್ನು ಬದಿಗೆ ಸರಿಸುತ್ತಿದ್ದಾರೆಂಬ ಅನುಮಾನ ಬರುತ್ತದೆ, ಮ್ಯಾನೇಜರ್‌ಗೂ ಇರಿಸುಮುರಿಸು. ಮ್ಯಾನೇಜರೇ ನೇರವಾಗಿ ಪ್ರಶ್ನೆ ಕೇಳಿ ಬರೆದರೆ ಅವರು ಟು ಸಾಲಿಗೆ ಬರುತ್ತಾರೆ, ರಿಕ್ರೂಟರ್ ಸಿಸಿಯಲ್ಲಿ ಉಳಿಯುತ್ತಾರೆ. ಕಂಪನಿಯೊಳಗಿನ ರಿಕ್ರೂಟರ್ ಆದರೂ ಇದೇ ಕ್ರಮ ಒಳ್ಳೆಯದು. ಸಂದರ್ಶನದ ಕ್ಯಾಲೆಂಡರ್ ಕರೆ ಕಳಿಸುವುದು, ಮುಂದಿನ ರೌಂಡಿನವರಿಗೆ ಹೇಳುವುದು ಅವರ ಕೆಲಸ. ಅವರಿಲ್ಲದೆ ಗೊತ್ತಾದ ಸಮಯ ಯಾರ ಕ್ಯಾಲೆಂಡರಿಗೂ ಏರದೆ ಉಳಿಯುವುದುಂಟು.

ಧಾಟಿಯ ಪ್ರಶ್ನೆಗೆ ಬಂದರೆ, ಮೊದಲು ಎದುರಾಗುವುದು ಸಂಬೋಧನೆ. ಕನ್ನಡದಲ್ಲಿ ಯೋಚಿಸುವವರಿಗೆ ಹಿರಿಯರನ್ನು ಬರಿ ಹೆಸರಿನಿಂದ ಕರೆಯಲು ಕೈ ಹಿಂಜರಿಯುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಸರು ಹಿಡಿದು ಬರೆಯುವುದೇ ರೂಢಿ. “ರೆಸ್ಪೆಕ್ಟೆಡ್ ಸರ್” ಎಂದು ಶುರುಮಾಡಿದ ಮೇಲ್ ಅಲ್ಲಿ ತಪ್ಪಲ್ಲದಿದ್ದರೂ ಬಿಗಿಯಾಗಿ ಕಾಣುತ್ತದೆ. ಕಾಲೇಜು, ಆಸ್ಪತ್ರೆ, ಸಾರ್ವಜನಿಕ ವಲಯದ ಕಾರ್ಖಾನೆ, ಬ್ಯಾಂಕ್ ಮುಂತಾದ ಕಡೆ ಸರ್, ಮೇಡಂ ಇಲ್ಲದಿದ್ದರೆ ಉದ್ಧಟತನ ಎನಿಸಬಹುದು. ರಿಕ್ರೂಟರ್ ತಮ್ಮ ಮೇಲ್‌ನಲ್ಲಿ ಮ್ಯಾನೇಜರನ್ನು ಹೇಗೆ ಕರೆದಿದ್ದಾರೆ ಎಂದು ನೋಡುವುದು ನಂಬಬಹುದಾದ ದಾರಿ. ಅವರು ಕಾರ್ತಿಕ್ ಎಂದಿದ್ದರೆ ಅಭ್ಯರ್ಥಿಯೂ ಕಾರ್ತಿಕ್ ಎನ್ನಬಹುದು, ಡಾಕ್ಟರ್ ಇಂಥವರು ಎಂದಿದ್ದರೆ ಹಾಗೆಯೇ ಬರೆಯಬೇಕು. ಒಬ್ಬರಿಗೆ ಸರ್, ಇನ್ನೊಬ್ಬರಿಗೆ ಬರಿ ಹೆಸರು ಎಂಬ ಭೇದ ಮಾತ್ರ ಒಂದೇ ಮೇಲ್‌ನಲ್ಲಿ ಬೇಡ. ಮ್ಯಾನೇಜರ್ ಬಂದ ಕೂಡಲೇ, ನಿನ್ನೆಯವರೆಗೆ ಸಲೀಸಾಗಿ ಮಾತಾಡುತ್ತಿದ್ದ ರಿಕ್ರೂಟರ್ ಎರಡನೆಯ ದರ್ಜೆಯವರಾದಂತೆ ಅದು ಓದಿಸಿಕೊಳ್ಳುತ್ತದೆ, ಅವರಿಗದು ತಾಗುತ್ತದೆ.

ಸಲಿಗೆಯ ಮಟ್ಟವನ್ನೂ ಸ್ವಲ್ಪ ಇಳಿಸಬೇಕಾಗುತ್ತದೆ. ರಿಕ್ರೂಟರ್ ಜೊತೆ ಎರಡು ವಾರದಿಂದ ನಡೆದ ಮಾತಿನಲ್ಲಿ ನಗುಮುಖದ ಚಿಹ್ನೆ, ಅರ್ಧ ವಾಕ್ಯ, “ಓಕೆ” ಎಂಬ ಒಂದೇ ಪದದ ಉತ್ತರ ನಡೆದಿರಬಹುದು. ಮ್ಯಾನೇಜರ್‌ಗೆ ಆ ಹಿನ್ನೆಲೆ ಇಲ್ಲ. ಅವರು ಮೊದಲ ಬಾರಿ ಓದುತ್ತಿರುವುದು ಈ ಉತ್ತರವನ್ನೇ. ಹಾಗೆಂದು ಉದ್ದಕ್ಕೆ ಹೊಗಳಿಕೆ, ಕಂಪನಿಯ ಬಗ್ಗೆ ಪ್ರಶಂಸೆ, ತನ್ನ ಅನುಭವದ ಪಟ್ಟಿ ಸೇರಿಸಿದರೆ ಸಮಯದ ಸಾಲು ಅದರಲ್ಲಿ ಹೂತುಹೋಗುತ್ತದೆ. ಫೋನಿನ ಪರದೆಯಲ್ಲಿ ಮೇಲೆ ಕೆಳಗೆ ಎಳೆಯದೆ ಓದಬಹುದಾದಷ್ಟಿದ್ದರೆ ಸಾಕು. ಧನ್ಯವಾದ ಒಂದು ಸಲ. ಎಲ್ಲರಿಗೂ ಹೋಗುವ “ಥ್ಯಾಂಕ್ಸ್”, “ನೋಟೆಡ್” ಎಂಬ ಒಂಟಿ ಪದದ ಮೇಲ್‌ಗಳು ಬೇಕಿಲ್ಲ. ಕ್ಯಾಲೆಂಡರ್ ಕರೆಯನ್ನು ಒಪ್ಪಿಕೊಂಡರೆ ಆ ಮಾತು ತಾನಾಗಿ ತಲುಪುತ್ತದೆ.

ಧಾಟಿ ನಿಜವಾಗಿ ಪರೀಕ್ಷೆಗೆ ಬೀಳುವುದು ರಿಕ್ರೂಟರ್ ಮತ್ತು ಮ್ಯಾನೇಜರ್ ಮಾತಿನಲ್ಲಿ ವ್ಯತ್ಯಾಸ ಬಂದಾಗ. ವಾರಕ್ಕೆ ಒಂದೇ ದಿನ ಆಫೀಸು ಎಂದು ದಿವ್ಯಾ ಫೋನಿನಲ್ಲಿ ಹೇಳಿದ್ದರು, ಕಾರ್ತಿಕ್ ಮೇಲ್‌ನಲ್ಲಿ ಮೂರು ದಿನ ಎಂದಿದ್ದಾರೆ. “ದಿವ್ಯಾ ಬೇರೆ ಹೇಳಿದ್ದರಲ್ಲ” ಎಂದು ಎಲ್ಲರಿಗೂ ಬರೆದರೆ ಸತ್ಯವನ್ನೇ ಹೇಳಿದಂತಾದರೂ, ದಿವ್ಯಾರನ್ನು ಅವರ ಜೊತೆ ಕೆಲಸ ಮಾಡುವವರ ಎದುರು ಕಟಕಟೆಗೆ ನಿಲ್ಲಿಸಿದಂತಾಗುತ್ತದೆ. ಮುಂದೆ ಸಂಬಳಕ್ಕಾಗಿ ಕಂಪನಿಯೊಳಗೆ ಅಭ್ಯರ್ಥಿಯ ಪರ ಮಾತಾಡಬೇಕಾದವರೂ ಅವರೇ. ಮೊದಲು ದಿವ್ಯಾಗೆ ಫೋನ್ ಮಾಡಿ ಯಾವುದು ಸರಿ ಎಂದು ಕೇಳುವುದು ಜಾಣತನ. ಎಷ್ಟೋ ಸಲ ನಿಯಮ ನಡುವೆ ಬದಲಾಗಿರುತ್ತದೆ, ಯಾರೂ ಸುಳ್ಳು ಹೇಳಿರುವುದಿಲ್ಲ. ಉತ್ತರ ಬರವಣಿಗೆಯಲ್ಲೇ ಬೇಕಿದ್ದರೆ ಯಾರ ಹೆಸರನ್ನೂ ಎಳೆಯದೆ ಎಲ್ಲರಿಗೂ ಕೇಳಬಹುದು: “ವಾರಕ್ಕೆ ಒಂದು ದಿನ ಆಫೀಸು ಎಂದು ನಾನು ತಿಳಿದಿದ್ದೆ. ಈ ತಂಡಕ್ಕೆ ಮೂರು ದಿನವೇ ಎಂದು ದಯವಿಟ್ಟು ಖಚಿತಪಡಿಸುವಿರಾ?” ತಿಳಿವಳಿಕೆಯ ಹೊಣೆಯನ್ನು ತನ್ನ ಮೇಲಿಟ್ಟುಕೊಂಡು ಪ್ರಶ್ನೆಯನ್ನು ಮಾತ್ರ ಮುಂದಿಡುವ ಈ ಕ್ರಮದಲ್ಲಿ ಯಾರೂ ಮುಖ ಕಳೆದುಕೊಳ್ಳುವುದಿಲ್ಲ, ಉತ್ತರವೂ ದಾಖಲೆಯಾಗುತ್ತದೆ.

ಸಂದರ್ಶನ ಮುಗಿದ ಮೇಲೆ ದಿನಗಟ್ಟಲೆ ಸುದ್ದಿಯಿಲ್ಲದಿದ್ದರೆ ವಿಚಾರಿಸುವ ಮೇಲ್ ಮಾತ್ರ ರಿಪ್ಲೈ ಆಲ್‌ಗೆ ಸೇರಿದ್ದಲ್ಲ. ಫಲಿತಾಂಶ ತಿಳಿಸುವುದು ರಿಕ್ರೂಟರ್‌ನ ಕೆಲಸ. ಮ್ಯಾನೇಜರ್ ಎದುರು ನೆನಪಿಸಿದರೆ ಅದು ರಿಕ್ರೂಟರ್ ಮೇಲಿನ ದೂರಿನಂತೆ ಕಾಣುತ್ತದೆ. ಅವರೊಬ್ಬರಿಗೇ ಬರೆಯಬೇಕು. ಮ್ಯಾನೇಜರ್ ಏನಾದರೂ ಕೇಳಿದ್ದು, ಅದನ್ನು ಕಳಿಸುವುದು ಅಭ್ಯರ್ಥಿಯಿಂದಲೇ ಬಾಕಿಯಿದ್ದರೆ ಆಗ ಎಲ್ಲರಿಗೂ ಕಳಿಸಬೇಕು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವ ಸಂದರ್ಭದಲ್ಲೂ, ಸಮಯ ಕೊಟ್ಟ ಮ್ಯಾನೇಜರ್‌ಗೆ ತಿಳಿಯುವಂತೆ ಎರಡು ವಾಕ್ಯದ ರಿಪ್ಲೈ ಆಲ್ ಸೌಜನ್ಯ; ಸಂಬಳ ಸಾಲದು ಎಂಬ ಕಾರಣ ರಿಕ್ರೂಟರ್‌ಗೆ ಬೇರೆಯಾಗಿ.

ಪರಿಚಯ ಮುಗಿದು ಬರಿಯ ಸಮಯ ಹೊಂದಾಣಿಕೆ ಉಳಿದಾಗ ಅನುಭವಿ ರಿಕ್ರೂಟರ್‌ಗಳು “ಕಾರ್ತಿಕ್ ಅವರನ್ನು ಬಿಸಿಸಿಗೆ ಸರಿಸಿದ್ದೇನೆ” ಎಂದು ಬರೆಯುವುದುಂಟು. ಇನ್ನು ಮುಂದಿನ ಪುಟ್ಟಪುಟ್ಟ ಮೇಲ್‌ಗಳಿಂದ ಅವರಿಗೆ ಬಿಡುಗಡೆ ಎಂದರ್ಥ. ಅದಾದ ಮೇಲೆ ಅಭ್ಯರ್ಥಿ ರಿಪ್ಲೈ ಆಲ್ ಒತ್ತಿದರೂ ಮ್ಯಾನೇಜರ್‌ಗೆ ಹೋಗುವುದಿಲ್ಲ; ಅವರ ವಿಳಾಸವನ್ನು ಹುಡುಕಿ ಮತ್ತೆ ಸೇರಿಸಲೂ ಬಾರದು. ಹೀಗೆ ಯಾರನ್ನಾದರೂ ಸರಿಸುವ ಹಕ್ಕು ಅವರನ್ನು ಕರೆತಂದವರದು. ಅಭ್ಯರ್ಥಿ ತಾನಾಗಿ ರಿಕ್ರೂಟರನ್ನು ಬಿಸಿಸಿಗೆ ತಳ್ಳಬಾರದು.

ತಪ್ಪಿ ಹೋದ ಮೇಲ್‌ಗೆ ಪರಿಹಾರ ಬಹಳ ಕಡಿಮೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಮೊದಲಿಗೆ ಸಿಗುವುದು 5 ಸೆಕೆಂಡು. ಸೆಟ್ಟಿಂಗ್ಸ್‌ನಲ್ಲಿ ಅದನ್ನು 30 ಸೆಕೆಂಡಿನವರೆಗೆ ಹೆಚ್ಚಿಸಿಕೊಳ್ಳಬಹುದು, ಕೆಲಸ ಹುಡುಕುವ ದಿನಗಳಲ್ಲಿ ಹೆಚ್ಚಿಸಿಕೊಳ್ಳಲೇಬೇಕು. ಔಟ್‌ಲುಕ್‌ನ ರೀಕಾಲ್ ಕೆಲಸ ಮಾಡುವುದು ಒಂದೇ ಸಂಸ್ಥೆಯೊಳಗಿನ ಮೇಲ್‌ಗಳಿಗೆ ಮಾತ್ರ. ಹೊರಗಿನವರಿಗೆ ಹೋದದ್ದು ಹೋದಂತೆಯೇ; ಮೇಲಾಗಿ ಹಿಂದಕ್ಕೆ ಪಡೆಯಲು ಯತ್ನಿಸಿದರು ಎಂಬ ಸಂದೇಶ ಅವರಿಗೆ ತಲುಪಿ, ಅಲಕ್ಷಿಸಬಹುದಾಗಿದ್ದ ಮೇಲ್ ಮತ್ತೆ ತೆರೆಸಿಕೊಳ್ಳಲೂಬಹುದು. ತಪ್ಪಿದ್ದು ವಾಸ್ತವಾಂಶವಾದರೆ, ಅಂದರೆ ತಾರೀಖು ತಪ್ಪಾಗಿದ್ದರೆ ಅಥವಾ ಹಳೆಯ ರೆಸ್ಯೂಮೆ ಲಗತ್ತಾಗಿದ್ದರೆ, ಒಂದು ಸಾಲಿನ ತಿದ್ದುಪಡಿಯನ್ನು ಎಲ್ಲರಿಗೂ ಕಳಿಸಬೇಕು. ಹೇಳಬಾರದ್ದನ್ನು ಹೇಳಿದ್ದರೆ ಎಲ್ಲರಿಗೂ ಕ್ಷಮೆ ಕೋರುವ ಎರಡನೆಯ ಮೇಲ್ ಬೇಡ, ಅದು ಮೊದಲನೆಯದರತ್ತ ಬೆರಳು ತೋರಿಸುತ್ತದೆ. ರಿಕ್ರೂಟರ್‌ಗೆ ಫೋನ್ ಮಾಡಿ ವಿಷಯ ತಿಳಿಸಿ ಮುಂದುವರಿಯಬೇಕು. ಯಾರನ್ನಾದರೂ ನೋಯಿಸುವ ಮಾತಾಗಿದ್ದರೆ ಕ್ಷಮೆ ನೇರವಾಗಿ ಅವರಿಗೇ ಸಲ್ಲಬೇಕು.

ಇಷ್ಟೆಲ್ಲ ಎಚ್ಚರವನ್ನು ಅಭ್ಯರ್ಥಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಮೂವರಲ್ಲಿ ಕಳೆದುಕೊಳ್ಳುವುದು ಹೆಚ್ಚಿರುವುದು ಅವರಿಗೆ, ಪರಿಸ್ಥಿತಿಯ ಮೇಲೆ ಹಿಡಿತ ಕಡಿಮೆಯಿರುವುದೂ ಅವರಿಗೇ. ಸಹನಾಳ ಸಂಬಳದ ವಿವರ ಕಾರ್ತಿಕ್‌ಗೆ ಹೋದದ್ದು ಅವಳ ರಿಪ್ಲೈ ಆಲ್‌ನಿಂದ ಅಲ್ಲ, ದಿವ್ಯಾ ಹಳೆಯ ಮೇಲ್‌ಗೇ ಹೊಸಬರನ್ನು ಸೇರಿಸಿದ್ದರಿಂದ. ಮ್ಯಾನೇಜರ್‌ಗಳ ಕಡೆಯಿಂದ ಆಗುವ ತಪ್ಪು ಇನ್ನೂ ಕಠೋರವಾದದ್ದು. ಅಭ್ಯರ್ಥಿಯೂ ಸಾಲಿನಲ್ಲಿದ್ದಾರೆ ಎಂಬುದನ್ನು ಮರೆತು, “ಅನುಭವ ಕಡಿಮೆ ಎನಿಸುತ್ತದೆ, ಬೇರೆಯವರು ಸಿಗದಿದ್ದರೆ ನೋಡೋಣ” ಎಂದು ರಿಪ್ಲೈ ಆಲ್ ಒತ್ತಿಬಿಟ್ಟರೆ ಅದನ್ನು ಓದಿದವರು ಸಂದರ್ಶನಕ್ಕೆ ಯಾವ ಮನಸ್ಸಿನಿಂದ ಬರಬೇಕು? ಅಭ್ಯರ್ಥಿಯ ಬಗೆಗಿನ ಅಭಿಪ್ರಾಯ ಅಭ್ಯರ್ಥಿ ಇರುವ ಮೇಲ್‌ನ ಮೇಲೆ ಎಂದೂ ಬರೆಯಬಾರದು, ಹೊಸ ಮೇಲ್ ತೆರೆದೇ ಬರೆಯಬೇಕು. ರಿಕ್ರೂಟರ್‌ಗಳು ಮಾಡಬೇಕಾದದ್ದೂ ಕಷ್ಟದ್ದೇನಲ್ಲ. ಮ್ಯಾನೇಜರನ್ನು ಸೇರಿಸುವ ದಿನ ಹೊಸ ಮೇಲ್ ಶುರುಮಾಡಲಿ, ಅವರನ್ನು ಏಕೆ ಸೇರಿಸಿದ್ದೇವೆ ಎಂದು ಒಂದು ವಾಕ್ಯದಲ್ಲಿ ಹೇಳಲಿ, ಸಂಬಳದ ಮಾತನ್ನು ಅಲ್ಲಿ ಎತ್ತದಿರಲಿ.